ಹಳೆಯ ಲ್ಯಾಪ್‌ಟಾಪು, ಹೊಸ ಫೋನು: ಹದಿನೈದು ಸುತ್ತುಗಳ ಪರೀಕ್ಷೆ

ಕಳೆದ ಮೇ ತಿಂಗಳ ರಜೆಯಲ್ಲಿ ವಾಸ್ಕೋ ಪಟ್ಟಣದ ಒಂದು ಮನೆಯಲ್ಲಿ ನಡೆದ ಜಗಳವೇ ಈ ಪಾಠಕ್ಕೆ ಕಾರಣ. ಜಗಳವಾಡಿದವರು ನಮ್ಮ ಶಾಲೆಯ ಇಬ್ಬರು ಹುಡುಗರು. ಒಬ್ಬನು ಒಂಬತ್ತನೆಯ ತರಗತಿ, ಇನ್ನೊಬ್ಬನು ಏಳನೆಯದು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಾದ್ದರಿಂದ ಊರ ವಾಡಿಕೆಯಂತೆ ಅಣ್ಣ ತಮ್ಮಂದಿರೇ. ಹೆಸರು ಹಾಕಬಾರದೆಂದು ಇಬ್ಬರೂ ಕೇಳಿಕೊಂಡಿರುವುದರಿಂದ ದೊಡ್ಡವನು, ಚಿಕ್ಕವನು ಎಂದೇ ಬರೆಯುತ್ತೇವೆ.

ದೊಡ್ಡವನ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪು ಇದೆ. ಕಚೇರಿಯೊಂದರಲ್ಲಿ ಹಳೆಯ ಸಾಮಾನು ತೆಗೆದುಹಾಕಿದಾಗ ಅವನ ತಂದೆ ಅಗ್ಗಕ್ಕೆ ಕೊಂಡು ತಂದದ್ದು. ಒಳಗಿರುವುದು ನಾಲ್ಕನೆಯ ಪೀಳಿಗೆಯ ಇಂಟೆಲ್ ಕೋರ್ ಐ3, ಅಂದರೆ 2013ರ ಸುಮಾರಿನ ಸರಕು. ಬ್ಯಾಟರಿ ಸತ್ತಿದೆ, ತಂತಿ ಕಿತ್ತರೆ ಆರಿಹೋಗುತ್ತದೆ. ಚಿಕ್ಕವನ ತಂದೆ ಏಪ್ರಿಲಿನಲ್ಲಿ ಹೊಸ ಫೋನು ಕೊಂಡರು. ಇಬ್ಬರಿಗೂ ಅಚ್ಚುಮೆಚ್ಚಿನ ಆಟ ಸೂಪರ್‌ಟಕ್ಸ್‌ಕಾರ್ಟ್. ಟಕ್ಸ್ ಎಂಬ ಪೆಂಗ್ವಿನ್ ಮತ್ತು ಅದರ ಗೆಳೆಯರು ಪುಟ್ಟ ಗಾಡಿಗಳಲ್ಲಿ ಪಂದ್ಯ ಓಡಿಸುವ ಆಟವದು. 2000ದಲ್ಲಿ ಸ್ಟೀವ್ ಬೇಕರ್ ಎಂಬುವರು ಹೊರತಂದ ಟಕ್ಸ್‌ಕಾರ್ಟ್ ಎಂಬ ಆಟದಿಂದ ಬೆಳೆದದ್ದು. ಕಾಸಿಲ್ಲದೆ ಸಿಗುತ್ತದೆ, ಜಾಹೀರಾತಿನ ಕಾಟವಿಲ್ಲ.

ರಜೆಯ ಒಂದು ಮಧ್ಯಾಹ್ನ ಇಬ್ಬರೂ ಎರಡು ಯಂತ್ರಗಳನ್ನೂ ಮಂಚದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಎರಡು ಸುತ್ತು ಓಡಿಸಿ ನೋಡಿದರು. ಫೋನಿನಲ್ಲಿ ಆಟ ಎಣ್ಣೆ ಸುರಿದಂತೆ ಸಾಗಿತು. ಲ್ಯಾಪ್‌ಟಾಪಿನಲ್ಲಿ ಕುಂಟಿತು. ಚಿಕ್ಕವನು ಮನೆಯೆಲ್ಲ ಕೇಳುವಂತೆ, "ಅಣ್ಣಾ, ನಿನ್ನ ಡಬ್ಬಿ ಮುಗೀತು, ಗುಜರಿಗೆ ಹಾಕು" ಎಂದನು. ಮಾತು ಅಲ್ಲಿಗೇ ನಿಂತಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ದೊಡ್ಡವನ ತಂದೆಗೆ ಅದು ಕೇಳಿಸಿತು. ಲ್ಯಾಪ್‌ಟಾಪಿಗೆ ಅಂಗಡಿಯವರೊಬ್ಬರು ಮೂರು ಸಾವಿರ ಕೊಡುತ್ತೇನೆಂದಿದ್ದರು. ಆಟಕ್ಕೇ ಬಾರದ್ದು ಓದಿಗೆ ಎಲ್ಲಿ ಬಂದೀತು, ಕೊಟ್ಟುಬಿಡೋಣ ಎಂದು ಅವರು ಹೇಳಿದಾಗ ದೊಡ್ಡವನ ಮುಖ ಸಣ್ಣದಾಯಿತು. ಕನ್ನಡ ಬೆರಳಚ್ಚನ್ನು ಅವನು ಕಲಿತಿದ್ದು ಅದೇ ಯಂತ್ರದ ಮೇಲೆ. ಮರುದಿನ ಇಬ್ಬರೂ ನಮ್ಮ ಮನೆಗೆ ಬಂದು, "ಸರ್, ಯಾವುದು ಚಲೋ ಅಂತ ನೀವ ಹೇಳ್ರಿ" ಎಂದರು.

ನಾವು ಕನ್ನಡ ಕಲಿಸುವವರು, ಯಂತ್ರದ ಪಂಡಿತರೇನಲ್ಲ. ಆದರೂ ತೂಗಿ ನೋಡುವ ಕೆಲಸ ಯಾವ ವಿಷಯದಲ್ಲಿಯೂ ಒಂದೇ ರೀತಿ ಎಂಬ ಧೈರ್ಯದಿಂದ ಒಂದು ನೋಟುಬುಕ್ಕು ತೆಗೆಯಲು ಹೇಳಿದೆವು. ಮೊದಲ ಪ್ರಶ್ನೆ, 'ಚೆನ್ನಾಗಿ ಓಡುತ್ತದೆ' ಎಂದರೆ ಏನನ್ನು ಅಳೆಯಬೇಕು?

ಆಟದ ಪರದೆಯಲ್ಲಿ ಕಾಣುವ ಚಲನೆ ನಿಜವಾಗಿ ಚಲನೆಯಲ್ಲ. ಸಿನಿಮಾದಲ್ಲಿರುವಂತೆ ಒಂದರ ಹಿಂದೊಂದು ಬರುವ ನಿಂತ ಚಿತ್ರಗಳು. ವ್ಯತ್ಯಾಸವೆಂದರೆ ಸಿನಿಮಾದ ಚಿತ್ರಗಳು ಮೊದಲೇ ತಯಾರಾಗಿರುತ್ತವೆ, ಆಟದ ಚಿತ್ರಗಳನ್ನು ಯಂತ್ರವು ಆ ಕ್ಷಣದಲ್ಲೇ ಬರೆಯಬೇಕು. ಗಾಡಿ ಎಡಕ್ಕೆ ತಿರುಗಿತೇ ಬಲಕ್ಕೆ ತಿರುಗಿತೇ ಎಂಬುದು ಆಡುವವನ ಬೆರಳಿನಲ್ಲಿದೆಯಲ್ಲವೆ! ಇಂಥ ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಒಂದು ಸೆಕೆಂಡಿನಲ್ಲಿ ಎಷ್ಟು ಫ್ರೇಮುಗಳು ತಯಾರಾದವೆಂಬ ಲೆಕ್ಕ ಎಫ್‌ಪಿಎಸ್. ಸೂಪರ್‌ಟಕ್ಸ್‌ಕಾರ್ಟಿನ ಆಯ್ಕೆಗಳಲ್ಲಿ ಒಂದು ಗುರುತು ಹಾಕಿದರೆ ಈ ಅಂಕಿ ಆಡುವಾಗಲೇ ಪರದೆಯ ಮೇಲೆ ಕಾಣುತ್ತದೆ. ಅಂಕಿ 60 ಇದ್ದರೆ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು ಹಿಡಿಯಿತೆಂದು ಅರ್ಥ. 30 ಇದ್ದರೆ 33 ಮಿಲಿಸೆಕೆಂಡು.

ಹುಡುಗರು ಮಂಚದ ಮೇಲಿನ ಪಂದ್ಯವನ್ನೇ ಅಂಕಿ ಹಾಕಿಕೊಂಡು ಮತ್ತೊಮ್ಮೆ ಆಡಿದರು. ಫೋನು 60, ಲ್ಯಾಪ್‌ಟಾಪು 14. "ನೋಡ್ರಿ ಸರ್!" ಎಂದನು ಚಿಕ್ಕವನು.

ನಾವು ಎರಡರಲ್ಲಿಯೂ ಚಿತ್ರದ ಆಯ್ಕೆಗಳ ಪುಟ ತೆರೆಯಲು ಹೇಳಿದೆವು. ಗುಟ್ಟು ಅಲ್ಲಿತ್ತು. ಅಂದವಾಗಿ ಕಾಣಲಿ ಎಂದು ದೊಡ್ಡವನು ಎಂದೋ ಒಂದು ದಿನ ಲ್ಯಾಪ್‌ಟಾಪಿನಲ್ಲಿ ನೆರಳು, ಹೊಳಪು, ದೂರದ ಗಿಡಮರ ಎಲ್ಲವನ್ನೂ ಏರಿಸಿಟ್ಟಿದ್ದನು. ಫೋನಿನಲ್ಲಿ ಇವೆಲ್ಲ ಕೆಳಮಟ್ಟದಲ್ಲಿದ್ದವು. ಒಬ್ಬನಿಗೆ ಇಪ್ಪತ್ತು ಕಿಲೋ ಅಕ್ಕಿ ಹೊರಿಸಿ ಇನ್ನೊಬ್ಬನಿಗೆ ಚಹಾಪುಡಿಯ ಪೊಟ್ಟಣ ಕೊಟ್ಟು ಓಟದ ಸ್ಪರ್ಧೆ ಇಟ್ಟಂತಾಗಿತ್ತು.

ಇನ್ನೊಂದು ಹೊರೆ ಕಣ್ಣಿಗೆ ಕಾಣುವುದಿಲ್ಲ. ಅದು ಚುಕ್ಕಿಗಳ ಲೆಕ್ಕ. ಪರದೆಯ ಚಿತ್ರವೆಂಬುದು ರಂಗೋಲಿಯಂತೆ ಚುಕ್ಕಿಗಳಿಂದಾದದ್ದು. ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡಲಾಗಿ 1366, ಉದ್ದಕ್ಕೆ 768 ಚುಕ್ಕಿಗಳು. ಗುಣಿಸಿದರೆ ಹತ್ತು ಲಕ್ಷ ನಲವತ್ತೊಂಬತ್ತು ಸಾವಿರ. ಈ ಫೋನಿನಲ್ಲಿ 2400 ಮತ್ತು 1080. ಗುಣಿಸಿದರೆ ಇಪ್ಪತ್ತೈದು ಲಕ್ಷ ತೊಂಬತ್ತೆರಡು ಸಾವಿರ. ಅಂಗೈಯಗಲದ ಪರದೆಯಲ್ಲಿ ದೊಡ್ಡ ಪರದೆಯ ಸುಮಾರು ಎರಡೂವರೆ ಪಟ್ಟು ಚುಕ್ಕಿಗಳು! ಇದನ್ನು ಕಂಡ ದೊಡ್ಡವನು ಕುಗ್ಗಿಹೋದನು: ಎರಡೂವರೆ ಪಟ್ಟು ಕೆಲಸ ಮಾಡಿಯೂ ಫೋನು ಗೆದ್ದಿತಲ್ಲ ಎಂದು. ಆದರೆ ಆಟದ ಆಯ್ಕೆಗಳಲ್ಲಿ ಚಿತ್ರವನ್ನು ಪೂರ್ಣ ಚುಕ್ಕಿಗಳಲ್ಲಿ ಬರೆಯದೆ, ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸಿ ತೋರಿಸುವ ಸೌಲಭ್ಯವೂ ಉಂಟು. ಫೋನಿನಲ್ಲಿ ಅದು ಶೇಕಡಾ 50ಕ್ಕೆ ನಿಂತಿತ್ತು. ಶೇಕಡಾ 50 ಎಂದರೆ ಅರ್ಧ ಕೆಲಸವೆಂದು ಇಬ್ಬರೂ ಹೇಳಿದರು. ಅಲ್ಲ; ಅಗಲವೂ ಅರ್ಧ, ಉದ್ದವೂ ಅರ್ಧ, ಆದ್ದರಿಂದ ಕೆಲಸ ಕಾಲು ಭಾಗ. ಅಂದರೆ ಫೋನು ಬರೆಯುತ್ತಿದ್ದುದು ಆರೂವರೆ ಲಕ್ಷಕ್ಕೂ ಕಡಿಮೆ ಚುಕ್ಕಿಗಳನ್ನು.

ಹಾಗಾದರೆ ಎಷ್ಟಕ್ಕೆ ಇಟ್ಟರೆ ಎರಡೂ ಸಮ? ಇದನ್ನು ದೊಡ್ಡವನು ತಾನೇ ಬಿಡಿಸಿದನು. ಶೇಕಡಾ 65ಕ್ಕೆ ಇಟ್ಟರೆ 1560 ಮತ್ತು 702 ಚುಕ್ಕಿಗಳು, ಗುಣಲಬ್ಧ ಹತ್ತು ಲಕ್ಷ ತೊಂಬತ್ತೈದು ಸಾವಿರ. ಲ್ಯಾಪ್‌ಟಾಪಿನದಕ್ಕಿಂತ ನೂರಕ್ಕೆ ನಾಲ್ಕರಷ್ಟು ಮಾತ್ರ ಹೆಚ್ಚು. ವರ್ಗದ ಲೆಕ್ಕ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಗಣಿತದ ಮೇಷ್ಟ್ರನ್ನು ಕೇಳುತ್ತಿದ್ದವನು ಅವನೇ ಎಂಬುದನ್ನು ಇಲ್ಲಿ ಹೇಳದೆ ಬಿಡಲಾರೆವು.

ನೆರಳು ಹೊಳಪುಗಳನ್ನು ಎರಡರಲ್ಲಿಯೂ ಒಂದೇ ಕೆಳಮಟ್ಟಕ್ಕೆ ತಂದರು. ಓಡುವ ದಾರಿಯೂ ಒಂದೇ: Cocoa Temple. ಎದುರಾಳಿ ಗಾಡಿಗಳು ಐದು. ಗಾಡಿ ನಡೆಸುವವನು ಎರಡರಲ್ಲಿಯೂ ಚಿಕ್ಕವನೇ, ಬರೆದುಕೊಳ್ಳುವವನು ದೊಡ್ಡವನು. ಆಡುವವನೇ ಬರೆದರೆ ಎರಡೂ ಕೆಡುತ್ತವೆ. ಎರಡು ಸುತ್ತಿನ ಬದಲು ಹದಿನೈದು ಸುತ್ತು ಆಡಬೇಕು, ಗಡಿಯಾರ ನೋಡಿ ನಿಮಿಷಕ್ಕೊಮ್ಮೆ ಅಂಕಿ ಬರೆಯಬೇಕು ಎಂದು ನಾವು ಹೇಳಿದಾಗ ಮಾತ್ರ ಇಬ್ಬರೂ ಮುಖ ಗಂಟಿಕ್ಕಿದರು. ಅಷ್ಟು ಹೊತ್ತು ಯಾಕೆ ಎಂಬ ಪ್ರಶ್ನೆಗೆ ನೋಟುಬುಕ್ಕೇ ಉತ್ತರ ಕೊಟ್ಟಿತು.

ಲ್ಯಾಪ್‌ಟಾಪು ಮೊದಲನೆಯ ನಿಮಿಷದಲ್ಲಿ 38 ತೋರಿಸಿತು. ಹೊರೆ ಸಮವಾದೊಡನೆ 14 ಇದ್ದದ್ದು 38 ಆಯಿತು! ಆದರೆ ನಾಲ್ಕನೆಯ ನಿಮಿಷಕ್ಕೆ 31, ಆರನೆಯದಕ್ಕೆ 22, ಅಲ್ಲಿಂದ ಕೊನೆಯವರೆಗೂ 21 ಅಥವಾ 22. ಫೋನು ಮೊದಲ ಆರು ನಿಮಿಷ 60ರಲ್ಲಿ ಅಲುಗದೆ ನಿಂತಿತು, ಎಂಟನೆಯ ನಿಮಿಷಕ್ಕೆ 52, ಹನ್ನೆರಡಕ್ಕೆ 41, ಹದಿನೈದಕ್ಕೆ 36. ಎರಡೂ ಕುಸಿದವು. ಎರಡು ಸುತ್ತಿಗೇ ನಿಲ್ಲಿಸಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕುಸಿದದ್ದು ಏಕೆ? ಎರಡು ಬಗೆಯ ಇಳಿತವನ್ನು ಮೊದಲು ಬೇರೆ ಮಾಡಿಕೊಳ್ಳಬೇಕು. ಪ್ರತಿ ಸುತ್ತಿನಲ್ಲಿಯೂ ಒಂದೇ ತಿರುವಿನಲ್ಲಿ ಅಂಕಿ ಇಳಿದು, ತಿರುವು ದಾಟಿದ ಮೇಲೆ ಮತ್ತೆ ಏರಿದರೆ ಆ ತಿರುವಿನಲ್ಲಿ ಬರೆಯಬೇಕಾದ ಚಿತ್ರ ಭಾರಿಯಾಗಿದೆ ಎಂದರ್ಥ. ಹಾಗಲ್ಲದೆ ದಾರಿಯ ಯಾವ ಭಾಗದಲ್ಲಿದ್ದರೂ ಹೊತ್ತು ಹೋದಂತೆಲ್ಲ ಇಳಿಯುತ್ತ ಬಂದರೆ ಕಾರಣ ಶಾಖ. ಖಚಿತ ಮಾಡಿಕೊಳ್ಳುವುದೂ ಸುಲಭ: ಆಟ ನಿಲ್ಲಿಸಿ ಇಪ್ಪತ್ತು ನಿಮಿಷ ತಣಿಯಲು ಬಿಟ್ಟು ಮತ್ತೆ ಆಡಬೇಕು. ಮೊದಲಿನ ಅಂಕಿ ಮರಳಿ ಬಂದರೆ ಶಾಖವೇ ಸರಿ. ಹುಡುಗರು ಹಾಗೆಯೇ ಮಾಡಿದರು. ಲ್ಯಾಪ್‌ಟಾಪು ಮತ್ತೆ 38ರಿಂದ, ಫೋನು ಮತ್ತೆ 60ರಿಂದ ಆರಂಭಿಸಿದವು.

ಪ್ರೊಸೆಸರು ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಬಿಸಿ ಒಂದು ಮಿತಿ ಮುಟ್ಟಿದಾಗ ಸುಟ್ಟುಹೋಗದಿರಲೆಂದು ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದು ಕೆಡುಕಲ್ಲ, ಅದರ ಜಾಣತನ. ಈ ಲ್ಯಾಪ್‌ಟಾಪಿನ ಪ್ರೊಸೆಸರನ್ನು 15 ವಾಟ್ ಶಾಖ ಹೊರಹಾಕುವ ಏರ್ಪಾಡಿನೊಂದಿಗೆ ಬಳಸಬೇಕೆಂದು ತಯಾರಿಸಿದ್ದಾರೆ. ಅದಕ್ಕಾಗಿ ಒಳಗೆ ಒಂದು ತಾಮ್ರದ ನಳಿಕೆ, ಅದರ ತುದಿಯಲ್ಲಿ ತೆಳ್ಳನೆಯ ಲೋಹದ ಹಲ್ಲುಗಳ ಸಾಲು, ಆ ಹಲ್ಲುಗಳ ನಡುವೆ ಗಾಳಿ ಊದುವ ಪುಟ್ಟ ಫ್ಯಾನು ಇವೆ. ಫೋನಿನಲ್ಲಿ ಫ್ಯಾನೇ ಇಲ್ಲ. ಬೆನ್ನು ಮತ್ತು ಪರದೆಯ ಮೂಲಕವೇ ಶಾಖ ಹೊರಗೆ ಹೋಗಬೇಕು. ಹಾಗೆ ಬಹಳ ಹೊತ್ತು ನಿರಾಯಾಸವಾಗಿ ಹೋಗಬಲ್ಲದ್ದು ಸುಮಾರು ಮೂರು ನಾಲ್ಕು ವಾಟ್ ಮಾತ್ರ. ಮೇಲಾಗಿ ನಮ್ಮ ಗೋವಾದ ಮೇ ತಿಂಗಳು! ಕೋಣೆಯ ಗಾಳಿಯೇ ಬಿಸಿಯಾಗಿರುವಾಗ ಯಂತ್ರದ ಶಾಖಕ್ಕೆ ಹೋಗಲು ಅವಸರವಿರುವುದಿಲ್ಲ.

ಫ್ಯಾನು ಇದ್ದೂ ಲ್ಯಾಪ್‌ಟಾಪು ಬೇಗ ಸೋತದ್ದೇಕೆ ಎಂಬುದು ನಮಗೂ ಕುತೂಹಲವಾಯಿತು. ಗಾಳಿ ಹೊರಬರುವ ಸಂದಿಗೆ ಕೈ ಹಿಡಿದು ನೋಡಿದೆವು. ಫ್ಯಾನು ಗುಂಯ್ ಎಂದು ಕೂಗುತ್ತಿತ್ತು, ಕೈಗೆ ಗಾಳಿ ಮಾತ್ರ ತಾಕಲಿಲ್ಲ. ಇದೇ ಲಕ್ಷಣ: ಸದ್ದು ಜೋರು, ಗಾಳಿ ಇಲ್ಲ. ಒಂದು ಕಾರಣ ಮಂಚ. ಗಾಳಿ ಒಳಗೆ ಹೋಗುವ ತೂತುಗಳು ತಳದಲ್ಲಿರುತ್ತವೆ, ಹಾಸಿಗೆಯ ಮೇಲಿಟ್ಟರೆ ಅವು ಮುಚ್ಚಿಹೋಗುತ್ತವೆ. ಇನ್ನೊಂದು ಕಾರಣ ಒಳಗಿತ್ತು.

ಯಂತ್ರವನ್ನು ಆರಿಸಿ, ತಂತಿ ಕಿತ್ತು, ಬ್ಯಾಟರಿಯನ್ನೂ ಹೊರತೆಗೆದು, ದೊಡ್ಡವನ ತಂದೆಯೇ ತಳದ ತಿರುಪುಗಳನ್ನು ಬಿಚ್ಚಿದರು. ಉದ್ದದ ತಿರುಪು ಚಿಕ್ಕ ಜಾಗಕ್ಕೆ ಹೋದರೆ ಮೇಲುಭಾಗಕ್ಕೆ ತೂತಾದೀತೆಂದು ಕಾಗದದ ಮೇಲೆ ತಳದ ಚಿತ್ರ ಬರೆದು, ಬಿಚ್ಚಿದ ಜಾಗದಲ್ಲೇ ಒಂದೊಂದು ತಿರುಪನ್ನೂ ಇಟ್ಟರು. ಫ್ಯಾನಿಗೂ ಲೋಹದ ಹಲ್ಲುಗಳಿಗೂ ನಡುವೆ ಬೂದುಬಣ್ಣದ ಕಂಬಳಿಯ ತುಂಡಿನಂಥದ್ದು ಅಡ್ಡ ನಿಂತಿತ್ತು. ವರ್ಷಗಟ್ಟಲೆ ಕೂತ ಧೂಳು, ನೂಲು, ಕೂದಲು ಸೇರಿ ಒತ್ತಾಗಿ ಹೆಣೆದ ಪದರ ಅದು. ಚಿಮಟಿಗೆಯಿಂದ ಎಳೆದರೆ ಒಂದೇ ತುಂಡಾಗಿ ಬಂತು. ಉಳಿದ ಧೂಳನ್ನು ಒಣಗಿದ ಮೃದುವಾದ ಬಣ್ಣದ ಕುಂಚದಿಂದ ತೆಗೆದರು. ಆಗ ಫ್ಯಾನು ತಿರುಗದಂತೆ ಊದುಬತ್ತಿಯ ಕಡ್ಡಿಯೊಂದನ್ನು ರೆಕ್ಕೆಗೆ ಅಡ್ಡ ಹಿಡಿದಿದ್ದರು. ಜೋರಾಗಿ ಗಾಳಿ ಊದಿ ಫ್ಯಾನನ್ನು ರಭಸದಿಂದ ತಿರುಗಿಸಿದರೆ ಅದರ ಬೇರಿಂಗು ಹಾಳಾಗಬಹುದು. ಒದ್ದೆ ಬಟ್ಟೆಯನ್ನಂತೂ ಹತ್ತಿರ ತರಬಾರದು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಒಂದು ಲೇಪವಿರುತ್ತದೆ, ಅದೂ ವರ್ಷಗಳಾದ ಮೇಲೆ ಒಣಗುತ್ತದೆ. ಆ ಕೆಲಸ ಕೈಬಳಕೆಯವರದೆಂದು ಇವರು ಅದನ್ನು ಮುಟ್ಟಲಿಲ್ಲ. ಮಕ್ಕಳೇ, ಇದನ್ನೆಲ್ಲ ದೊಡ್ಡವರಿಲ್ಲದೆ ನೀವೇ ಬಿಚ್ಚಲು ಹೋಗಬೇಡಿರಿ. ಊದಿಕೊಂಡಿರುವ ಬ್ಯಾಟರಿ ಕಂಡರಂತೂ ಅದನ್ನು ಒತ್ತದೆ, ಚುಚ್ಚದೆ ಅಂಗಡಿಗೆ ಒಯ್ಯಬೇಕು.

ಫೋನಿನ ಕಥೆ ಇಷ್ಟು ಉದ್ದವಿಲ್ಲ. ಬೀಳದಿರಲೆಂದು ಅದಕ್ಕೆ ದಪ್ಪ ರಬ್ಬರಿನ ಕವಚ ತೊಡಿಸಿದ್ದರು, ಆಡುವಾಗ ಚಾರ್ಜಿಗೂ ಹಾಕಿದ್ದರು. ಚಾರ್ಜಾಗುವ ಬ್ಯಾಟರಿಯೂ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಂತೆ ಫೋನಿನ ಪಾಡು.

ಮೂರನೆಯ ಪರೀಕ್ಷೆ ಮೇಜಿನ ಮೇಲೆ. ಫೋನಿನ ಕವಚ ತೆಗೆದು, ಮೊದಲೇ ಚಾರ್ಜು ತುಂಬಿಸಿ, ತಂತಿ ಕಿತ್ತು ಆಡಿದರು. ನಡುವೆ ವಿದ್ಯುತ್ತು ಹೋಗಿ ಲ್ಯಾಪ್‌ಟಾಪು ಆರಿದ್ದರಿಂದ ಅದರ ಪಂದ್ಯವನ್ನು ಮತ್ತೆ ಮೊದಲಿನಿಂದ ಆಡಬೇಕಾಯಿತು. ಫೋನು ಹನ್ನೆರಡನೆಯ ನಿಮಿಷದವರೆಗೂ 60, ಹದಿನೈದಕ್ಕೆ 57. ಲ್ಯಾಪ್‌ಟಾಪು 38ರಿಂದ ಹೊರಟು 36ಕ್ಕೆ ಬಂದು, ಕೊನೆಯವರೆಗೂ ಅಲ್ಲಿಯೇ ನಿಂತಿತು.

ಇಲ್ಲಿ ಒಂದು ಮಾತು. ಫೋನಿನ 60 ಅದರ ಪೂರ್ಣ ಶಕ್ತಿಯಲ್ಲ, ಅದು ಛಾವಣಿ. ಅದರ ಪರದೆ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುತ್ತದೆ, ಆಟವೂ ಅದಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಛಾವಣಿಗೆ ತಲೆ ತಾಕಿ ನಿಂತವನ ಎತ್ತರ ಛಾವಣಿಯಷ್ಟೇ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ 60ನ್ನು 36ರಿಂದ ಭಾಗಿಸಿ ಫೋನು ಇಷ್ಟು ಪಟ್ಟು ಬಲಶಾಲಿ ಎಂದು ಬರೆಯುವುದು ತಪ್ಪು. ಚಿಕ್ಕವನು ಹಾಗೆಯೇ ಬರೆದಿದ್ದನು, ಹೊಡೆದುಹಾಕಿಸಿದೆವು.

ಇಷ್ಟಾದರೂ ದೊಡ್ಡವನಿಗೆ ಒಂದು ಸಂಶಯ ಉಳಿಯಿತು. "ಸರ್, ಅಂಕಿ 30ರ ಮ್ಯಾಲೆ ಇದ್ದರೂ ಮೊದಲನೇ ಸುತ್ತಿನ್ಯಾಗ ಗಾಡಿ ಗಪ್ಪಂತ ನಿಂತು ಜಿಗೀತೈತಿ" ಎಂದನು. ಅವನ ಕಣ್ಣು ಸರಿಯಾಗಿತ್ತು, ಅಂಕಿಯೇ ಮರೆಮಾಚುತ್ತಿತ್ತು. ಎಫ್‌ಪಿಎಸ್ ಎಂಬುದು ಸೆಕೆಂಡಿನ ಒಟ್ಟು ಎಣಿಕೆ. ಒಂದು ಯಂತ್ರ ಸೆಕೆಂಡಿಗೆ 30 ಚಿತ್ರಗಳನ್ನು ಒಂದೊಂದಕ್ಕೆ 33 ಮಿಲಿಸೆಕೆಂಡಿನಂತೆ ಸಮನಾಗಿ ಬರೆಯಿತೆನ್ನೋಣ. ಇನ್ನೊಂದು ಯಂತ್ರ ಒಂದೇ ಚಿತ್ರಕ್ಕೆ 500 ಮಿಲಿಸೆಕೆಂಡು ತಿಣುಕಿ, ಉಳಿದ 29 ಚಿತ್ರಗಳನ್ನು 17 ಮಿಲಿಸೆಕೆಂಡಿಗೊಂದರಂತೆ ಸರಸರ ಬರೆಯಿತೆನ್ನೋಣ. 29ನ್ನು 17ರಿಂದ ಗುಣಿಸಿದರೆ 493, ಅದಕ್ಕೆ 500 ಕೂಡಿಸಿದರೆ 993. ಅದೂ ಒಂದು ಸೆಕೆಂಡೇ. ಎರಡರ ಅಂಕಿಯೂ 30. ಆದರೆ ಎರಡನೆಯದರಲ್ಲಿ ಅರ್ಧ ಸೆಕೆಂಡು ಗಾಡಿ ಕಲ್ಲಾಗಿ ನಿಂತಿತ್ತು, ಅಷ್ಟರಲ್ಲಿ ತಿರುವು ತಪ್ಪಿತು.

ಲ್ಯಾಪ್‌ಟಾಪಿನಲ್ಲಿ ಈ ತಡೆ ಮೊದಲ ಸುತ್ತಿನಲ್ಲಷ್ಟೇ ಬರುತ್ತಿತ್ತು. ಅದರ ಹಾರ್ಡ್‌ಡಿಸ್ಕು ತಿರುಗುವ ತಟ್ಟೆಯ ಹಳೆಯ ಬಗೆಯದು, ನೆನಪಿನ ಜಾಗವೂ 4 ಜಿಬಿ ಮಾತ್ರ. ಅಂತರ್ಜಾಲದ ಹತ್ತು ಪುಟಗಳನ್ನು ಹಿಂದೆ ತೆರೆದಿಟ್ಟೇ ಇವನು ಆಟಕ್ಕೆ ಕೂರುತ್ತಿದ್ದನು. ಬೇಕಾದದ್ದಕ್ಕೆ ನೆನಪಿನಲ್ಲಿ ಜಾಗವಿಲ್ಲದೆ ಮತ್ತೆ ಮತ್ತೆ ತಟ್ಟೆಯಿಂದ ಹುಡುಕಿ ತರಬೇಕಾಗುತ್ತಿತ್ತು. ಆ ಗಳಿಗೆಯಲ್ಲಿ ಡಿಸ್ಕಿನ ಪುಟ್ಟ ದೀಪ ಮಿಟುಕದೆ ಉರಿಯುತ್ತಿದ್ದುದೇ ಸಾಕ್ಷಿ. ಪುಟಗಳನ್ನೆಲ್ಲ ಮುಚ್ಚಿ ಆಡಿದಾಗ ತಡೆ ಮೂರರಿಂದ ಒಂದಕ್ಕೆ ಇಳಿಯಿತು. ಆ ಒಂದು ಹೋಗಲಿಲ್ಲ. ಹೋಗಬೇಕಾದರೆ ಡಿಸ್ಕನ್ನೇ ಬದಲಿಸಬೇಕು.

ಕೊನೆಗೆ ತೀರ್ಪು ಕೊಡಲೇಬೇಕಾಯಿತು. ಈ ಆಟವನ್ನು ಈ ಎರಡು ಯಂತ್ರಗಳಲ್ಲಿ ಹೋಲಿಸಿದರೆ ಫೋನೇ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಮೊದಲು ಕಂಡಂತೆ 60ಕ್ಕೆ 14 ಅಲ್ಲ. ಸಮ ಹೊರೆಯಲ್ಲಿ, ತಣ್ಣಗಿದ್ದಾಗ, 60ಕ್ಕೆ 36. ಕವಚ ತೊಡಿಸಿ ಚಾರ್ಜಿಗೆ ಹಾಕಿ ಆಡಿದರೆ ಕಾಲು ಗಂಟೆಯ ಹೊತ್ತಿಗೆ ಎರಡೂ 36. ಬೇರೆ ಆಟಕ್ಕೆ ಈ ಅಂಕಿಗಳು ಹೊಂದುವುದಿಲ್ಲ. ಮೈನ್‌ಕ್ರಾಫ್ಟಿನಂಥ ಆಟದಲ್ಲಿ ಕಂಪ್ಯೂಟರಿನ ಜಾವಾ ಆವೃತ್ತಿಯೂ ಫೋನಿನ ಬೆಡ್‌ರಾಕ್ ಆವೃತ್ತಿಯೂ ಬೇರೆ ಬೇರೆಯಾಗಿ ಬರೆದ ತಂತ್ರಾಂಶಗಳೇ ಆದ್ದರಿಂದ ಅಲ್ಲಿ ಯಂತ್ರಗಳನ್ನು ಹೋಲಿಸಿದಂತೆಯೇ ಆಗುವುದಿಲ್ಲ.

ನೋಟುಬುಕ್ಕಿನಲ್ಲಿ ನಾವು ಹೇಳದಿದ್ದರೂ ದೊಡ್ಡವನು ಬರೆದಿಟ್ಟ ಇನ್ನೊಂದು ಸಾಲು ಇತ್ತು: ಪಂದ್ಯ ಮುಗಿಸಲು ಹಿಡಿದ ಸಮಯ. ಮೂರನೆಯ ಪರೀಕ್ಷೆಯಲ್ಲಿ ಚಿಕ್ಕವನು ಹದಿನೈದು ಸುತ್ತುಗಳನ್ನು ಫೋನಿಗಿಂತ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೆರಡು ಸೆಕೆಂಡು ಬೇಗ ಮುಗಿಸಿದ್ದನು. ಫೋನಿನಲ್ಲಿ ಹೆಬ್ಬೆರಳು ಪರದೆಯ ಮೂಲೆಯನ್ನು ಮುಚ್ಚುತ್ತದೆ, ಬೆವರಿಗೆ ಜಾರುತ್ತದೆ. ಕೀಲಿಗಳ ಮೇಲೆ ಬೆರಳಿಗೆ ತನ್ನ ಜಾಗ ಗೊತ್ತು. ಇದನ್ನು ಓದಿ ತೋರಿಸಿದಾಗ ಚಿಕ್ಕವನು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದರ ಅಣ್ಣಾ, ನಾಳೆ ಲ್ಯಾಪ್‌ಟಾಪ್ ನನಗ ಕೊಡು, ನೀ ಫೋನಿನ್ಯಾಗ ಆಡು" ಎಂದನು.

ಲ್ಯಾಪ್‌ಟಾಪನ್ನು ಮಾರಲಿಲ್ಲ. ಮಂಚದಿಂದ ಮೇಜಿಗೆ ಬಂದಿದೆ. ತಳದ ತೂತುಗಳಿಗೆ ಗಾಳಿಯಾಡಲೆಂದು ನಾಲ್ಕು ಮೂಲೆಗೂ ನೀರಿನ ಬಾಟಲಿಯ ಮುಚ್ಚಳಗಳನ್ನು ಕೊಟ್ಟು ಎತ್ತರಿಸಿದ್ದಾರೆ.